ಎಷ್ಟು ಫ್ರೇಮಿಗೊಂದು ಬ್ಲಿಂಕ್ ಅಂತ ಲೆಕ್ಕ ಹಾಕ್ಬೇಡಿ

ಪ್ರಶ್ನೆ: ಟೂನ್ ಬೂಮ್ ಹಾರ್ಮನಿ ಸಾಫ್ಟ್‌ವೇರಲ್ಲಿ 2ಡಿ ಕಟ್-ಔಟ್ ಕ್ಯಾರೆಕ್ಟರ್ ಅನಿಮೇಟ್ ಮಾಡ್ತಿದೀನಿ. ಕ್ಲೋಸ್-ಅಪ್‌ನಲ್ಲಿ ಡೈಲಾಗ್ ಇಲ್ದೇ ಇದ್ದಾಗ ಮುಖ ಬೊಂಬೆ ಥರ ಕಾಣುತ್ತೆ. ಮನುಷ್ಯರು ನಿಮಿಷಕ್ಕೆ 15-20 ಸಲ ಕಣ್ಣು ಮಿಟುಕಿಸ್ತಾರಂತೆ, ಹಾಗಾದ್ರೆ ಎಷ್ಟು ಫ್ರೇಮಿಗೊಂದು ಬ್ಲಿಂಕ್ ಹಾಕಿದ್ರೆ ಜೀವ ಬರುತ್ತೆ?

ಇದೇ ಲೆಕ್ಕ ಹಾಕಿ ಒಂದು ಒಳ್ಳೇ ಶಾಟ್ ಕಳ್ಕೊಂಡವನು ನಾನು. ಆಗ ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಮಕ್ಕಳ ಸೀರೀಸ್ ಒಂದಕ್ಕೆ ಕಟ್-ಔಟ್ ಅನಿಮೇಷನ್ ಮಾಡ್ತಿದ್ದೆ. ನನಗೆ ಬಂದಿದ್ದ ಶಾಟ್ 96 ಫ್ರೇಮಿಂದು, ಅಂದ್ರೆ ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ ನಾಲ್ಕು ಸೆಕೆಂಡು. ಹುಡುಗನ ಕ್ಲೋಸ್-ಅಪ್. ಮನೇಲಿ ಗಡಿಯಾರ ಒಡೆದಿದೆ, ಅಪ್ಪ ಫ್ರೇಮಿನ ಆಚೆ ಬಲಗಡೆ ನಿಂತ್ಕೊಂಡು "ಯಾರೋ ಒಡೆದಿದ್ದು?" ಅಂತಾನೆ, ಒಡೆದಿರೋದು ತಂಗಿ, ಅವಳು ಎಡಗಡೆ ಇದಾಳೆ ಅವಳೂ ಫ್ರೇಮಲ್ಲಿಲ್ಲ, ಹುಡುಗ ಸ್ವಲ್ಪ ಹೊತ್ತು ಸುಮ್ನಿದ್ದು "ನಾನೇ" ಅಂತಾನೆ. ಇಷ್ಟೇ. ಬಾಯಿಗೆ ಒಂದೇ ಪದ, ಬಾಕಿ ಎಲ್ಲಾ ಕಣ್ಣು ಹುಬ್ಬಿನ ಕೆಲಸ.

ನಾನು ಮಾಡಿದ್ದೇನು ಅಂದ್ರೆ, ನಿಮಿಷಕ್ಕೆ 20 ಬ್ಲಿಂಕ್ ಅಂದ್ರೆ ಮೂರು ಸೆಕೆಂಡಿಗೊಂದು, 72 ಫ್ರೇಮು, ಸರಿ ಅಂತ ಒಂದು ಬ್ಲಿಂಕ್ ಮಾಡ್ಕೊಂಡು ಅದನ್ನ 72 ಫ್ರೇಮಿನ ಸೈಕಲ್ ಮಾಡಿ ಎಲ್ಲಾ ಶಾಟಿಗೂ ಪೇಸ್ಟ್ ಮಾಡ್ತಿದ್ದೆ. ಈ ಶಾಟಲ್ಲಿ ಅದು 3ನೇ ಫ್ರೇಮಿಗೆ ಒಂದು, 75ನೇ ಫ್ರೇಮಿಗೆ ಒಂದು ಬಿತ್ತು. "ನಾನೇ" ಅನ್ನೋ ಪದ ಶುರುವಾಗೋದು ಸರಿಯಾಗಿ 75ಕ್ಕೆ. ತಂಗಿಗೋಸ್ಕರ ತಪ್ಪು ತನ್ನ ಮೇಲೆ ಎಳ್ಕೊಳ್ಳೋ ಹುಡುಗ, ಆ ಪದ ಹೇಳೋ ಗಳಿಗೇಲೇ ಕಣ್ಣು ಮುಚ್ಚಿಬಿಟ್ಟ. ನೋಡಿದವರಿಗೆ ಅವನು ಹೆದರಿದ್ದ ಹಾಗೆ ಕಾಣ್ತು, ಒಬ್ರಂತೂ "ಇವನೇ ಒಡೆದು ಸಿಕ್ಕಿಬಿದ್ದ ಹಾಗಿದೆ" ಅಂದ್ರು. ಕಥೆಯೇ ಉಲ್ಟಾ ಆಯ್ತು. ಇನ್ನೂ ಒಂದು ವಿಷಯ, 3ನೇ ಫ್ರೇಮಿನ ಬ್ಲಿಂಕ್ ಅಪ್ಪನ ಪ್ರಶ್ನೆ ಇನ್ನೂ ಮುಗಿಯೋಕೆ ಮುಂಚೆ ಬಿತ್ತು, ಅಂದ್ರೆ ಹುಡುಗ ಏನನ್ನೂ ಕೇಳಿಸ್ಕೊಳ್ಳೋ ಮೊದಲೇ ರಿಯಾಕ್ಟ್ ಮಾಡಿದ ಹಾಗೆ. ನಾನು ರೀಟೇಕಲ್ಲಿ ಸೈಕಲ್ಲನ್ನ ಆ ಕಡೆ ಈ ಕಡೆ ಜರುಗಿಸ್ತಾ ಕೂತೆ, ಹತ್ತು ಫ್ರೇಮ್ ಹಿಂದೆ, ಹತ್ತು ಫ್ರೇಮ್ ಮುಂದೆ, ಎಲ್ಲಿಟ್ರೂ ಸರಿಯಾಗ್ಲಿಲ್ಲ, ಯಾಕಂದ್ರೆ ಸಮಸ್ಯೆ ಬ್ಲಿಂಕ್ ಇರೋ ಜಾಗದ್ದಲ್ಲ, ಅದಕ್ಕೆ ಕಾರಣಾನೇ ಇಲ್ದೇ ಇರೋದು. ಕೊನೆಗೆ ಶಾಟ್ ಇನ್ನೊಬ್ರ ಕೈಗೆ ಹೋಯ್ತು, ಆ ಎಪಿಸೋಡ್ ಮುಗಿಯೋವರೆಗೂ ನನಗೆ ಕ್ಲೋಸ್-ಅಪ್ ಕೊಡ್ಲೇ ಇಲ್ಲ.

ಅದಕ್ಕೇ ಹೇಳ್ತಿರೋದು, ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ. ನಿಮಿಷಕ್ಕೆ 15-20 ಅನ್ನೋದು ಸರಾಸರಿ ಅಷ್ಟೇ. ಗಮನ ಕೊಟ್ಟು ಏನನ್ನಾದ್ರೂ ನೋಡೋವಾಗ ನಾವು ತುಂಬಾ ಕಮ್ಮಿ ಮಿಟುಕಿಸ್ತೀವಿ, ಯೋಚನೆ ಒಂದ್ಕಡೆಯಿಂದ ಇನ್ನೊಂದ್ಕಡೆ ತಿರುಗಿದಾಗ, ನೋಟ ದೊಡ್ಡದಾಗಿ ಬದಲಾದಾಗ, ತಲೆ ತಿರುಗಿಸಿದಾಗ ಮಿಟುಕಿಸ್ತೀವಿ. ನಾಲ್ಕು ಸೆಕೆಂಡಿನ ಶಾಟಲ್ಲಿ ಸರಾಸರಿಗೆ ಏನೂ ಕೆಲಸ ಇಲ್ಲ, ಆ ನಾಲ್ಕು ಸೆಕೆಂಡಲ್ಲಿ ಇವನ ತಲೇಲಿ ಏನೇನು ಓಡ್ತು ಅನ್ನೋದೊಂದೇ ಲೆಕ್ಕ.

ಆ ಶಾಟನ್ನ ನಾನು ಆಮೇಲೆ ನನಗೋಸ್ಕರ ಮತ್ತೆ ಮಾಡಿದೆ. ಮೊದಲು ಹಾರ್ಮನಿ ತೆರೀಲೇ ಇಲ್ಲ, ಹಾಳೆ ಮೇಲೆ ಹುಡುಗನ ಯೋಚನೆ ಬರ್ಕೊಂಡೆ: ಪ್ರಶ್ನೆ ಕೇಳಿಸ್ತು, ತಂಗಿ ನೆನಪಾದ್ಲು, ನೋಡಿದ್ರೆ ಅವಳು ಸಿಕ್ಕಿಬೀಳ್ತಾಳೆ, ಏನ್ಮಾಡ್ಲಿ, ನಾನೇ ಒಪ್ಕೋತೀನಿ. ಆಮೇಲೆ ಒಂದೊಂದಕ್ಕೂ ಫ್ರೇಮ್ ಹಂಚಿದೆ.

ಅಪ್ಪನ ಮಾತು 12ಕ್ಕೆ ಮುಗಿಯುತ್ತೆ. 13ರಿಂದ 20ರವರೆಗೆ ಹುಡುಗ ಅಪ್ಪನ್ನೇ ನೋಡ್ತಾನೆ, ಏನೂ ಅಲ್ಲಾಡಲ್ಲ. ಈ ಎಂಟು ಫ್ರೇಮ್ ಬಿಟ್ಟುಕೊಡೋಕೆ ಮನಸ್ಸೇ ಬರಲ್ಲ, ಖಾಲಿ ಅನ್ಸುತ್ತೆ, ಆದ್ರೆ ಮಾತು ಒಳಗಿಳಿಯೋಕೆ ಅಷ್ಟು ಬೇಕೇ ಬೇಕು. 21ಕ್ಕೆ ಕಣ್ಣುಗುಡ್ಡೆ ಎಡಕ್ಕೆ ತಂಗಿ ಕಡೆ, ಒಂದೇ ಡ್ರಾಯಿಂಗಲ್ಲಿ, ಮಧ್ಯ ಇನ್‌ಬಿಟ್ವೀನ್ ಇಲ್ಲ. ತಲೆ ಅಲ್ಲಾಡಲ್ಲ, ಅಲ್ಲಾಡಿದ್ರೆ ಅವಳನ್ನ ಹಿಡ್ಕೊಟ್ಟ ಹಾಗಾಗುತ್ತೆ. ಆರು ಫ್ರೇಮ್ ಅಲ್ಲಿ ನಿಲ್ಲುತ್ತೆ. ಅದಕ್ಕಿಂತ ಕಮ್ಮಿ ಮಾಡಿದ್ರೆ ನೋಡೋರಿಗೆ ಕಣ್ಣು ಎಲ್ಲಿಗೆ ಹೋಯ್ತು ಅಂತ ಗೊತ್ತಾಗಲ್ಲ, ಏನೋ ಗ್ಲಿಚ್ ಅನ್ಸುತ್ತೆ. 27ಕ್ಕೆ ನೋಟ ನೆಲಕ್ಕೆ. ಇಲ್ಲಿ ಮೇಲಿನ ರೆಪ್ಪೆಯೂ ಗುಡ್ಡೆ ಜೊತೆ ಕೆಳಗಿಳೀಬೇಕು, ಬರೀ ಗುಡ್ಡೆ ಇಳಿಸಿದ್ರೆ ಮೇಲೆಲ್ಲಾ ಬಿಳಿ ಕಂಡು ಗಾಬರಿಯಾದ ಮುಖ ಆಗುತ್ತೆ. ನೆಲ ನೋಡ್ತಾ 46ರವರೆಗೆ ಇರ್ತಾನೆ, ಮಧ್ಯ 35ಕ್ಕೆ ಒಂದು, 41ಕ್ಕೆ ಒಂದು ಸಣ್ಣ ಡಾರ್ಟ್, ಅಂದ್ರೆ ಗುಡ್ಡೆ ತಟ್ಟನೆ ಒಂಚೂರು ಜಿಗಿಯೋದು, ಗುಡ್ಡೆಯ ಅಗಲದಲ್ಲಿ ಕಾಲು ಭಾಗದಷ್ಟು. ನೋಟ ಇಳಿದ ಮೇಲೆ ಮೊದಲ ಡಾರ್ಟಿಗೆ ಎಂಟು ಫ್ರೇಮ್, ಅಲ್ಲಿಂದ ಎರಡನೇದಕ್ಕೆ ಆರು, ಈ ಎರಡು ಅಂತರ ಒಂದೇ ಥರ ಇರ್ಬಾರ್ದು. ಆ ಎರಡು ಡಾರ್ಟಿಂದ ಅವನು ಲೆಕ್ಕಾಚಾರ ಮಾಡ್ತಿದಾನೆ ಅಂತ ಗೊತ್ತಾಗುತ್ತೆ, ಇಲ್ಲಾಂದ್ರೆ ಬರೀ ಬೇಜಾರಲ್ಲಿ ನೆಲ ನೋಡಿದ ಹಾಗಿರುತ್ತೆ.

47ಕ್ಕೆ ಬ್ಲಿಂಕ್. ಇಡೀ ಶಾಟಿಗೆ ಇದೊಂದೇ. ಇದು ನಿಧಾನದ್ದು, ನಾಲ್ಕು ಫ್ರೇಮಲ್ಲಿ ಮುಚ್ಚುತ್ತೆ, ಎರಡು ಫ್ರೇಮ್ ಮುಚ್ಚಿರುತ್ತೆ, ಆರು ಫ್ರೇಮಲ್ಲಿ ತೆರೆಯುತ್ತೆ. ಮಾಮೂಲಿ ಬ್ಲಿಂಕ್ ಆದ್ರೆ ಆರೇಳು ಫ್ರೇಮಲ್ಲಿ ಮುಗಿಸ್ತೀನಿ: ಅರ್ಧ ಮುಚ್ಚಿದ್ದು ಒಂದು ಫ್ರೇಮ್, ಪೂರ್ತಿ ಮುಚ್ಚಿದ್ದು ಎರಡು, ಅರ್ಧ ತೆರೆದಿದ್ದು ಎರಡು, ಮುಕ್ಕಾಲು ಒಂದೋ ಎರಡೋ. ಎರಡರಲ್ಲೂ ಮುಚ್ಚೋದು ಬೇಗ, ತೆರೆಯೋದು ನಿಧಾನ. ಕಣ್ಣು ಪೂರ್ತಿ ಮುಚ್ಚಿರೋ 51, 52ರಲ್ಲಿ ಗುಡ್ಡೆನ ನೆಲದಿಂದ ತೆಗೆದು ಅಪ್ಪನ ಕಡೆ ಇಟ್ಬಿಡ್ತೀನಿ, ರೆಪ್ಪೆ ಎದ್ದಾಗ ನೋಟ ಆಗ್ಲೇ ಅಲ್ಲಿರುತ್ತೆ. 59ಕ್ಕೆ ಪೂರ್ತಿ ತೆರೆದಿದೆ. ಅಲ್ಲಿಂದ 74ರವರೆಗೆ, 16 ಫ್ರೇಮು, ಡಾರ್ಟ್ ಇಲ್ಲ ಬ್ಲಿಂಕ್ ಇಲ್ಲ. 75ಕ್ಕೆ "ನಾನೇ". ಕಟ್ ಆಗೋವರೆಗೂ ಕಣ್ಣು ಮುಚ್ಚಲ್ಲ. ಅವನ ಧೈರ್ಯ ಎಲ್ಲಾ ಕಾಣೋದು ಆ ಮಿಟುಕಿಸದೇ ಇರೋದ್ರಲ್ಲೇ, ನನ್ನ ಸೈಕಲ್ ಹಾಳುಮಾಡಿದ್ದೂ ಅದನ್ನೇ.

ಬ್ಲಿಂಕಿನ ಡ್ರಾಯಿಂಗ್ ಬಗ್ಗೆ ಸ್ವಲ್ಪ ಹೇಳ್ತೀನಿ, ಇಲ್ಲಿ ಬಹಳ ಜನ ಎಡವ್ತಾರೆ. ಕಣ್ಣನ್ನ ಮೇಲಿಂದ ಕೆಳಗಿಂದ ಒತ್ತಿ ಚಪ್ಪಟೆ ಮಾಡ್ಬೇಡಿ. ಕೆಲಸ ಎಲ್ಲಾ ಮೇಲಿನ ರೆಪ್ಪೆದು, ಕೆಳಗಿಂದು ಅಲ್ಲಾಡಿದ್ರೂ ಒಂಚೂರು. ಮುಚ್ಚಿದಾಗ ಗೆರೆ ಬರೋದು ಕಣ್ಣಿನ ನಡುಮಧ್ಯ ಅಲ್ಲ, ಕೆಳಗಿನ ರೆಪ್ಪೆ ಹತ್ರ. ರೆಪ್ಪೆ ಒಳಗಿರೋ ಕಣ್ಣು ಚೆಂಡಿನ ಥರ ಗುಂಡಗಿದೆ, ರೆಪ್ಪೆ ಅದರ ಮೇಲೆ ಜಾರುತ್ತೆ, ಹಾಗಾಗಿ ಮೇಲಕ್ಕೆ ಬಾಗಿದ್ದ ಗೆರೆ ಇಳೀತಾ ಇಳೀತಾ ಕೆಳಕ್ಕೆ ಬಾಗುತ್ತೆ. ಪಾಪೆನ ರೆಪ್ಪೆ ಮುಚ್ಚಬೇಕೇ ಹೊರತು ಪಾಪೆ ತಾನೇ ಕುಗ್ಗಬಾರ್ದು, ಹಾರ್ಮನೀಲಿ ಒಂದು ಆಕಾರದಿಂದ ಇನ್ನೊಂದನ್ನ ಕತ್ತರಿಸಿ ಮರೆಮಾಡೋ ಕಟರ್ ನೋಡ್ ಹಾಕಿದ್ರೆ ಇದು ಸುಲಭ.

ನೀವು ಕಟ್-ಔಟ್ ಅಂದಿದ್ರಿಂದ ಇದನ್ನೂ ಹೇಳ್ಲೇಬೇಕು. ಗುಡ್ಡೆಯನ್ನ ಅಲ್ಲಾಡಿಸೋ ಹಿಡಿಯಾದ ಪೆಗ್ಗಿಗೆ ಮಾಮೂಲಿ ಮೋಷನ್ ಕೀಫ್ರೇಮ್ ಹಾಕಿದ್ರೆ ಸಾಫ್ಟ್‌ವೇರ್ ಎರಡು ಕೀ ನಡುವೆ ತಾನೇ ತುಂಬಿಸುತ್ತೆ, 13ಕ್ಕೆ ಒಂದು ಕೀ 21ಕ್ಕೆ ಒಂದು ಕೀ ಇದ್ರೆ ಕಣ್ಣು ಎಂಟು ಫ್ರೇಮ್ ನಿಧಾನಕ್ಕೆ ತೇಲ್ಕೊಂಡು ಹೋಗುತ್ತೆ. ನಿದ್ದೆಗಣ್ಣಿನ ಥರ. ನಿಮ್ಮ ಕ್ಯಾರೆಕ್ಟರ್ ಬೊಂಬೆ ಥರ ಕಾಣ್ತಿರೋಕೆ ನನ್ನ ಪ್ರಕಾರ ಅರ್ಧ ಕಾರಣ ಇದೇ ಇರ್ಬೇಕು. ನಿಜವಾದ ಕಣ್ಣು ಒಂದು ಜಾಗದಿಂದ ಇನ್ನೊಂದಕ್ಕೆ ಹಾರಿ ಅಲ್ಲೇ ಕೂರುತ್ತೆ, ತಲೆ ಅಲ್ಲಾಡದೇ ಇದ್ದಾಗ ಅದು ಜಾರೋದು ಚಲಿಸೋ ವಸ್ತು ಒಂದನ್ನ ಹಿಂಬಾಲಿಸೋವಾಗ ಮಾತ್ರ. ಅದಕ್ಕೆ ಗುಡ್ಡೆಗೆ ನಡುವೆ ಏನೂ ತುಂಬಿಸದ ಸ್ಟಾಪ್-ಮೋಷನ್ ಕೀಫ್ರೇಮ್ ಹಾಕಿ. ನೋಟ ತುಂಬಾ ದೂರ ಹೋಗ್ಬೇಕಿದ್ರೆ ಒಂದೇ ಒಂದು ಇನ್‌ಬಿಟ್ವೀನ್, ಅದೂ ನಡುಮಧ್ಯ ಬೇಡ, ಕೊನೆಗೆ ಹತ್ರ ಇಡಿ. ತಲೆಯೂ ತಿರುಗೋದಾದ್ರೆ ಕಣ್ಣು ಮೊದಲು, ತಲೆ ಎರಡು ಮೂರು ಫ್ರೇಮ್ ತಡವಾಗಿ.

ಹುಬ್ಬಿನ ವಿಷಯದಲ್ಲಿ ನನಗೆ ತಕರಾರಿರೋದು ರಿಗ್ ಬಗ್ಗೆ, ಅಂದ್ರೆ ಕ್ಯಾರೆಕ್ಟರಿನ ಭಾಗಗಳನ್ನ ಅಲ್ಲಾಡೋ ಹಾಗೆ ಜೋಡಿಸಿರೋ ರೀತಿ ಬಗ್ಗೆ. ಹುಬ್ಬಿಗೆ ಒಂದೇ ಪಿವಟ್ ಕೊಟ್ಟು ಇಡೀ ಹುಬ್ಬನ್ನ ಕಡ್ಡಿ ಥರ ತಿರುಗಿಸೋ ರಿಗ್‌ನಲ್ಲಿ ಕೋಪ ಇಲ್ಲಾ ಅಳು, ಎರಡೇ ಬರೋದು. ಕಮ್ಮಿ ಅಂದ್ರೂ ಒಳತುದಿ, ನಡುವಿನ ಬಾಗು, ಹೊರತುದಿ ಮೂರೂ ಬೇರೆಬೇರೆಯಾಗಿ ಅಲ್ಲಾಡ್ಬೇಕು. ಆತಂಕ ಅಂದ್ರೆ ಒಳತುದಿ ಮಾತ್ರ ಏಳೋದು, ಹೊರತುದಿ ಇದ್ದಲ್ಲೇ ಇರುತ್ತೆ. ನಮ್ಮ ಹುಡುಗನಿಗೆ 27ರಿಂದ ಒಳತುದಿ ಎದ್ದಿದೆ, ಒಂದು ಕಡೆ ಸ್ವಲ್ಪ ಜಾಸ್ತಿ, ಎರಡೂ ಒಂದೇ ಅಳತೆ ಆದ್ರೆ ಮುಖವಾಡ ಆಗುತ್ತೆ. ಬ್ಲಿಂಕ್ ಪೂರ್ತಿ ಮುಚ್ಚೋಕೆ ಎರಡು ಫ್ರೇಮ್ ಮುಂಚೆ, 49ಕ್ಕೆ, ಹುಬ್ಬು ಇಳಿಯೋಕೆ ಶುರು, 53ರ ಹೊತ್ತಿಗೆ ಸಮ. ಕಣ್ಣು ತೆರೆಯೋ ಮೊದಲೇ ನಿರ್ಧಾರ ಹುಬ್ಬಲ್ಲಿ ಆಗಿಹೋಗಿದೆ. ಹುಬ್ಬು ಕೆಳಗಿಳಿದಾಗ ಮೇಲಿನ ರೆಪ್ಪೆನೂ ಒಂಚೂರು ಒತ್ತಬೇಕು, ಇಲ್ಲಾಂದ್ರೆ ಹುಬ್ಬು ಹಣೆ ಮೇಲೆ ಅಂಟಿಸಿದ ಹಾಗಿರುತ್ತೆ.

ನಾಟ್ಯಶಾಸ್ತ್ರದಲ್ಲಿ ಪಾಪೆಗೆ ಒಂಬತ್ತು, ರೆಪ್ಪೆಗೆ ಒಂಬತ್ತು, ಹುಬ್ಬಿಗೆ ಏಳು ಚಲನೆ ಅಂತ ಬೇರೆಬೇರೆ ಪಟ್ಟಿ ಇದೆ. ಭರತನಾಟ್ಯ ಕಲಿತವರ ಹತ್ರ ಕೂತು ಇವನ್ನ ಒಂದೊಂದಾಗಿ ಮಾಡಿಸಿ ನೋಡಿ, ಮೂರೂ ಬೇರೆಬೇರೆ ಅಂಗ ಅನ್ನೋದು ಕಣ್ಣಿಗೇ ಕಾಣುತ್ತೆ. ನನಗೆ ರಿಗ್ಗಿನ ಲೇಯರ್ ಹೇಗೆ ಬೇರ್ಪಡಿಸ್ಬೇಕು ಅಂತ ಸ್ಪಷ್ಟವಾಗಿದ್ದು ಅದನ್ನ ನೋಡಿದ ಮೇಲೇನೇ. ಆದ್ರೆ ವೇದಿಕೆಯ ಅಳತೆಯನ್ನ ಕ್ಲೋಸ್-ಅಪ್ಪಿಗೆ ತರಬೇಡಿ, ಅಲ್ಲಿ ಕೊನೇ ಸಾಲಿನವರಿಗೂ ಕಾಣ್ಬೇಕು, ಇಲ್ಲಿ ಕ್ಯಾಮೆರಾ ಮೂಗಿನ ಹತ್ರಾನೇ ಇದೆ.

ಇದೆಲ್ಲಾ ಕ್ಲೋಸ್-ಅಪ್ ಮತ್ತೆ ಮಿಡ್ ಶಾಟಿಗೆ ಮಾತ್ರ. ಪೂರ್ತಿ ಆಳು ಕಾಣೋ ವೈಡ್ ಶಾಟಲ್ಲಿ ಕಾಲು ಗುಡ್ಡೆಯಷ್ಟು ಡಾರ್ಟ್ ಒಂದೆರಡು ಪಿಕ್ಸೆಲ್ ಆಗುತ್ತೆ, ಕಾಣಲ್ಲ, ಕಂಡ್ರೂ ಗೆರೆ ಮಿಣಮಿಣ ಅಂದ ಹಾಗಿರುತ್ತೆ. ಅಲ್ಲಿ ತಲೆ, ಭುಜದಿಂದ್ಲೇ ಹೇಳಿ.

ನಿಮ್ಮ ಫೈಲಲ್ಲಿ ಈಗ ಬ್ಲಿಂಕ್ ಸೈಕಲ್ ಇದ್ರೆ ಪೂರ್ತಿ ಡಿಲೀಟ್ ಮಾಡಿ, ಒಂದೂ ಬ್ಲಿಂಕ್ ಇಲ್ದೇ ಡಾರ್ಟ್ ಮತ್ತೆ ಹುಬ್ಬು ಮಾತ್ರ ಹಾಕಿ ಪ್ಲೇ ಮಾಡಿ. ಸೌಂಡ್ ಮ್ಯೂಟ್ ಮಾಡಿ, ಬಾಯಿಯ ಲೇಯರ್ ಆಫ್ ಮಾಡಿ, ಕಥೆ ಗೊತ್ತಿಲ್ದೇ ಇರೋ ಯಾರಿಗಾದ್ರೂ ತೋರ್ಸಿ, "ಇವನು ಏನು ಯೋಚ್ನೆ ಮಾಡ್ತಿದಾನೆ, ಯಾವಾಗ ಮನಸ್ಸು ಬದಲಾಯ್ಸಿದ?" ಅಂತ ಕೇಳಿ. ಅವರು ಎಲ್ಲಿ ಬೆರಳಿಟ್ಟು "ಇಲ್ಲಿ" ಅಂತಾರೋ ಅಲ್ಲಿ ಒಂದು ಬ್ಲಿಂಕ್ ಹಾಕಿ. ಎಲ್ಲೂ ಬೆರಳಿಡೋಕೆ ಆಗ್ಲಿಲ್ಲ ಅಂದ್ರೆ ಬ್ಲಿಂಕ್ ಹಾಕೋಕೆ ಹೋಗ್ಬೇಡಿ, ಡಾರ್ಟ್‌ಗಳ ನಡುವೆ ಎಷ್ಟೆಷ್ಟು ಫ್ರೇಮ್ ನಿಲ್ಲಿಸಿದೀರಿ ಅಂತ ಮೊದಲು ನೋಡಿ.