ಮಗಳ ಹೆಸರಿನಲ್ಲಿ ‘ಶೆಟ್ಟಿ’ ಬಿಟ್ಟರೆ ಏನು ಹಾಕುವುದು?

“ನಮ್ಮ ಮನೇಲಿ ಎಲ್ಲರ ಹೆಸರಲ್ಲೂ ‘ಶೆಟ್ಟಿ’ ಇದೆ. ಮಗಳಿಗೆ ಬೇಡ ಅಂತಾಳೆ ಹೆಂಡತಿ. ಯಾಕೆ ಬಿಡ್ತಾರೆ? ಬದಲಿಗೆ ಏನು ಹಾಕಲಿ?”

ಹೆಸರು ಹೇಳಿದ ಕೂಡಲೇ ಜಾತಿ ಗೊತ್ತಾಗಬಾರದು ಅನ್ನೋದೇ ಮುಖ್ಯ ಕಾರಣ ಇರಬೇಕು. ಬಾಡಿಗೆ ಮನೆ ಕೇಳುವಾಗ, ತರಗತಿಯಲ್ಲಿ ಹಾಜರಿ ಕೂಗುವಾಗ ಮಗುವಿಗಿಂತ ಮೊದಲು ಅಡ್ಡಹೆಸರೇ ಮಾತಾಡಿಬಿಡುತ್ತೆ. ತಮಿಳುನಾಡಿನಲ್ಲಿ ಪೆರಿಯಾರ್ ಅವರ ಸ್ವಾಭಿಮಾನ ಚಳವಳಿ 1929ರಲ್ಲಿ ಚೆಂಗಲ್ಪಟ್ಟಿನಲ್ಲಿ ನಡೆಸಿದ ಸಮ್ಮೇಳನವೇ ಜಾತಿ ಹೆಸರು ಬಿಡಿ ಅಂತ ನಿರ್ಣಯ ಮಾಡಿತ್ತು. ಅಲ್ಲಿ ಈಗ ಅಪ್ಪನ ಹೆಸರಿನ ಇನಿಷಿಯಲ್ಲೇ ರೂಢಿ.

ನೀವು ಬರೀ ಇನಿಷಿಯಲ್ ಹಾಕಬೇಡಿ. ‘ಅನನ್ಯ ಸುಮಾ’ ಅನ್ನೋ ಹಾಗೆ ಅಮ್ಮನ ಹೆಸರನ್ನೋ ಊರನ್ನೋ ಬಿಡಿಸಿ ಬರೆಸಿ. ಜನನ ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಹೆಸರು ಈಗಾಗಲೇ ಸೇರಿದ್ದರೆ ಅದು ತಿದ್ದುಪಡಿ ಆಗುತ್ತೆ, ದಾಖಲೆ ಜಾಸ್ತಿ ಕೇಳಬಹುದು.

ಆಮೇಲೆ ಆಧಾರ್, ಶಾಲೆ, ಪಾಸ್‌ಪೋರ್ಟ್ ಎಲ್ಲದರಲ್ಲೂ ಅದೇ ಸ್ಪೆಲಿಂಗ್ ಇರಲಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗಕ್ಕೆ ‘ಸುಮಾ’ ಹಾಕಿ. ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರೇ ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ FNU, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಅಂತ ಬರುತ್ತೆ.

ಮೀಸಲಾತಿ ತಪ್ಪುತ್ತೆ ಅನ್ನೋ ಭಯ ಬೇಡ. ಜಾತಿ ಪ್ರಮಾಣಪತ್ರ ಕೊಡುವಾಗ ತಹಶೀಲ್ದಾರರು ನೋಡೋದು ಹೆತ್ತವರ ಜಾತಿಯ ದಾಖಲೆ, ಮಗುವಿನ ಅಡ್ಡಹೆಸರನ್ನಲ್ಲ. ನಿಮ್ಮ ಶಾಲಾ ದಾಖಲೆ ಜೋಪಾನವಾಗಿಡಿ.