ಸಂಸ್ಥೆಯ ವೆಬ್‌ಸೈಟ್ ನಂಬಬಹುದಾ? ದುಡ್ಡಿನ ಜಾಡು ಹಿಡಿಯೋದು ಹೇಗೆ?

ಪ್ರಶ್ನೆ: ಸಂಶೋಧನಾ ಸಂಸ್ಥೆ ಅಂತ ಹೇಳಿಕೊಳ್ಳೋ ವೆಬ್‌ಸೈಟ್ ನಿಜವಾಗಿ ಯಾರ ಪರ ಅಂತ ತಿಳಿಯೋದು ಹೇಗೆ?

ಉತ್ತರ: ‘ನಮ್ಮ ಬಗ್ಗೆ’ ಪುಟದಲ್ಲಿ ಏನಿದೆ ಅನ್ನೋದಕ್ಕಿಂತ ಏನಿಲ್ಲ ಅನ್ನೋದನ್ನು ನೋಡಿ. ಅಮೆರಿಕದ ಗ್ಲೋಬಲ್ ಎನರ್ಜಿ ಬ್ಯಾಲೆನ್ಸ್ ನೆಟ್‌ವರ್ಕ್ ಒಳ್ಳೆಯ ಉದಾಹರಣೆ. ತೂಕದ ವಿಷಯದಲ್ಲಿ ತಿನ್ನೋದು ಕುಡಿಯೋದಕ್ಕಿಂತ ವ್ಯಾಯಾಮಕ್ಕೇ ಜಾಸ್ತಿ ಗಮನ ಕೊಡಿ ಅನ್ನೋದು ಅದರ ವಾದವಾಗಿತ್ತು. ಮುಂದೆ ನಿಂತವರು ಪ್ರೊಫೆಸರುಗಳು. ದುಡ್ಡು ಕೊಟ್ಟವರ ಹೆಸರು ಮಾತ್ರ ಸೈಟಿನಲ್ಲಿ ಮೊದಲು ಇರಲಿಲ್ಲ.

2015ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಬಯಲು ಮಾಡಿತು: ಕೋಕಾ-ಕೋಲಾ 15 ಲಕ್ಷ ಡಾಲರ್ ಕೊಟ್ಟಿತ್ತು. ಸೈಟಿನ ಡೊಮೇನ್ ಕೂಡ ಕಂಪನಿಯ ಅಟ್ಲಾಂಟಾ ಕಚೇರಿಯ ಹೆಸರಲ್ಲೇ ನೋಂದಣಿಯಾಗಿತ್ತು! ಡೊಮೇನ್ ಯಾರ ಹೆಸರಲ್ಲಿದೆ ಅಂತ ತೋರಿಸೋ ‘ಹೂಈಸ್’ ಹುಡುಕಾಟದಲ್ಲಿ ಆಗ ಇದು ಕಾಣುತ್ತಿತ್ತು. ಈಗ ಹೆಚ್ಚಿನವರು ವಿವರ ಮುಚ್ಚಿಡುತ್ತಾರೆ, ಹಾಗಾಗಿ ಅಷ್ಟು ಸುಲಭವಲ್ಲ.

ಮುಂದಾಳುಗಳ ಹೆಸರನ್ನು ಅವರ ಹಳೆಯ ಪ್ರಬಂಧಗಳ ಜೊತೆ ಹುಡುಕಿ. ಇಲ್ಲಿನ ಸ್ಥಾಪಕ ಸದಸ್ಯರಲ್ಲಿ ಇಬ್ಬರ ಯೋಜನೆಗಳಿಗೆ 2008ರಿಂದಲೇ ಅದೇ ಕಂಪನಿಯ ಹಣ ಬರುತ್ತಿತ್ತು.

ಇನ್ನು ದತ್ತಾಂಶ. ‘ಬಲವಾದ ಪುರಾವೆ ಇದೆ’ ಅಂತ ಹೇಳಿ ಸೈಟು ತೋರಿಸಿದ್ದು ಎರಡು ಪ್ರಬಂಧ. ಎರಡರ ಅಡಿಟಿಪ್ಪಣಿಯಲ್ಲೂ ಪ್ರಕಟಣೆಗೆ ಕೋಕಾ-ಕೋಲಾ ನೆರವು ಅಂತ ಇತ್ತು. ಅಲ್ಲಿಗೆ ಕಥೆ ಗೊತ್ತಾಯಿತಲ್ವಾ? ಹಾಗಂತ ಹಣ ಬಂದ ಮಾತ್ರಕ್ಕೆ ಲೆಕ್ಕ ಸುಳ್ಳು ಅನ್ನೋ ಹಾಗಿಲ್ಲ. ಬೇರೆ ಹಣದಲ್ಲಿ ನಡೆದ ಅಧ್ಯಯನಗಳು ಏನು ಹೇಳುತ್ತವೆ ಅಂತ ಪಕ್ಕದಲ್ಲಿಟ್ಟು ನೋಡಬೇಕು.

ಅಮೆರಿಕದ ಲಾಭರಹಿತ ಸಂಸ್ಥೆಯಾದರೆ, ಅದು ತೆರಿಗೆ ಇಲಾಖೆಗೆ ಪ್ರತಿ ವರ್ಷ ಸಲ್ಲಿಸೋ ಫಾರ್ಮ್ 990, ಸುದ್ದಿಸಂಸ್ಥೆ ಪ್ರೊಪಬ್ಲಿಕಾದ ನಾನ್‌ಪ್ರಾಫಿಟ್ ಎಕ್ಸ್‌ಪ್ಲೋರರ್ ಸೈಟಿನಲ್ಲಿ ಸಿಗುತ್ತದೆ. ನಿರ್ದೇಶಕರು, ಅವರ ಸಂಬಳ ಅದರಲ್ಲಿರುತ್ತದೆ. ದಾನಿಗಳ ಹೆಸರು ಮಾತ್ರ ಸಾಮಾನ್ಯವಾಗಿ ಸಿಗೋದಿಲ್ಲ.