ವೈಫೈ ಸೇರಿದೆ, ಆದರೆ 169.254 ಅಂತ ಶುರುವಾಗುವ ಐಪಿ ಯಾಕೆ?

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ವೈಫೈ ಕನೆಕ್ಟ್ ಆಗುತ್ತೆ, ಆದರೆ ಲಿಮಿಟೆಡ್ ಆಕ್ಸೆಸ್ ಅಂತ ತೋರಿಸುತ್ತೆ. ಐಪಿ 169.254.83.12 ಅಂತಿದೆ. ರೂಟರ್ ಮಾತ್ರ 192.168.1.1. ಅದೇ ರೂಮಿನಲ್ಲಿ ನನ್ನ ಫೋನ್ ಚೆನ್ನಾಗಿ ಕೆಲಸ ಮಾಡುತ್ತೆ. ತೊಂದರೆ ಎಲ್ಲಿದೆ?

ಉತ್ತರ:

ಆ ನಂಬರ್ ಕೊಟ್ಟಿದ್ದು ರೂಟರ್ ಅಲ್ಲ, ನಿಮ್ಮ ಲ್ಯಾಪ್‌ಟಾಪ್ ತಾನೇ ಇಟ್ಟುಕೊಂಡಿದ್ದು. ವೈಫೈ ಸೇರಿದ ಕೂಡಲೇ ಲ್ಯಾಪ್‌ಟಾಪ್ "ಇಲ್ಲಿ ಐಪಿ ಕೊಡುವವರು ಯಾರಾದರೂ ಇದ್ದೀರಾ?" ಅಂತ ಇಡೀ ನೆಟ್‌ವರ್ಕ್‌ಗೆ ಕೇಳುವಂತೆ ಕೂಗುತ್ತೆ. ರೂಟರ್‌ನ ಒಳಗೆ ಐಪಿ ಹಂಚುವ ಡಿಎಚ್‌ಸಿಪಿ ಉತ್ತರ ಕೊಡಬೇಕು. ಕೆಲವು ಸಲ ಕೂಗಿದರೂ ಉತ್ತರ ಬರದಿದ್ದರೆ, ವಿಂಡೋಸ್ 169.254 ರಿಂದ ಶುರುವಾಗುವ ಒಂದು ನಂಬರ್ ಆರಿಸಿ, ಬೇರೆ ಯಾರೂ ಅದನ್ನು ಬಳಸುತ್ತಿಲ್ಲ ಅಂತ ನೋಡಿಕೊಂಡು, ತನಗೆ ಹಾಕಿಕೊಳ್ಳುತ್ತೆ. ಆ ನಂಬರಿನಿಂದ ರೂಟರ್ ದಾಟಿ ಹೊರಗೆ ಹೋಗೋಕೆ ಆಗಲ್ಲ. ಅದಕ್ಕೇ ಲಿಮಿಟೆಡ್ ಆಕ್ಸೆಸ್.

ಹಾಗಾಗಿ ಉತ್ತರ ಬರುವ ದಾರಿ ಎಲ್ಲಿ ಕಟ್ಟಿಕೊಂಡಿದೆ ಅಂತ ಹುಡುಕಬೇಕು. ಮೊದಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ಇವೆರಡನ್ನು ಹಾಕಿ:

```
ipconfig /release
ipconfig /renew
```

ಸ್ವಲ್ಪ ಹೊತ್ತು ಕಾದ ಮೇಲೆ `unable to contact your DHCP server` ಅಂತ ಬಂದರೆ, ಕೂಗಿಗೆ ಈಗಲೂ ಉತ್ತರವಿಲ್ಲ.

ಈಗ ಐಪಿಯನ್ನು ನೀವೇ ಕೈಯಾರೆ ಕೊಟ್ಟು ನೋಡಿ. ವೈಫೈ ಸೆಟ್ಟಿಂಗ್‌ನಲ್ಲಿ ಐಪಿ 192.168.1.240, ಮಾಸ್ಕ್ 255.255.255.0, ಗೇಟ್‌ವೇ 192.168.1.1 ಅಂತ ಹಾಕಿ, ಆಮೇಲೆ:

```
ping 192.168.1.1
```

`Reply from 192.168.1.1` ಅಂತ ಬಂದರೆ ವೈಫೈ ಗಟ್ಟಿಯಾಗಿದೆ, ಐಪಿ ಕೊಡುವ ಕೆಲಸ ಮಾತ್ರ ನಿಂತಿದೆ. ಉತ್ತರ ಬರದಿದ್ದರೆ ಡಿಎಚ್‌ಸಿಪಿಯನ್ನು ಬಿಡಿ, ವೈಫೈ ಡ್ರೈವರ್ ಮತ್ತು ಆಂಟಿವೈರಸ್‌ನ ಫೈರ್‌ವಾಲ್ ಕಡೆ ನೋಡಿ. ಪರೀಕ್ಷೆ ಮುಗಿದ ಮೇಲೆ ಸೆಟ್ಟಿಂಗನ್ನು ಮರೆಯದೆ ಆಟೋಮ್ಯಾಟಿಕ್‌ಗೆ ತಿರುಗಿಸಿ. ಇಲ್ಲಾಂದ್ರೆ ಬೇರೆ ಮನೆಯ ವೈಫೈನಲ್ಲಿ ಹೊಸ ತಲೆನೋವು ಶುರು.

ಪಿಂಗ್ ಬಂತು ಅಂದುಕೊಳ್ಳಿ. ತಪ್ಪು ಲ್ಯಾಪ್‌ಟಾಪ್‌ನದೋ ರೂಟರ್‌ನದೋ? ನಿಮ್ಮ ಫೋನ್ ನಡೀತಿದೆ ಅಂದ ಮಾತ್ರಕ್ಕೆ ರೂಟರ್ ಸರಿಯಿದೆ ಅಂತ ತಿಳಿಯಬೇಡಿ. ಇದರಲ್ಲೇ ನಾನು ಒಂದು ವಾರ ಕಳೆದೆ.

ಮೈಸೂರಿನಲ್ಲಿ ನಮ್ಮ ಚಿಕ್ಕಪ್ಪನವರ ಪಿಜಿ ಇದೆ. ಹೊಸದಾಗಿ ಬಂದ ಹುಡುಗನ ಲ್ಯಾಪ್‌ಟಾಪ್‌ನಲ್ಲಿ ನಿಮ್ಮದೇ ತೊಂದರೆ. ಅವನ ಪಕ್ಕದ ಮಂಚದವನ ಫೋನ್ ಆರಾಮಾಗಿ ನಡೀತಿತ್ತು. ನಾನು ಡ್ರೈವರ್ ತೆಗೆದು ಮತ್ತೆ ಹಾಕಿದೆ, ಫೈರ್‌ವಾಲ್ ಆಫ್ ಮಾಡಿದೆ, ಏನೂ ಆಗಲಿಲ್ಲ. ರೂಟರ್ ಆಫ್ ಮಾಡಿ ಆನ್ ಮಾಡಿದಾಗ ಸರಿಯಾಯಿತು. ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ. ಕೊನೆಗೆ ಬ್ರೌಸರ್‌ನಲ್ಲಿ ರೂಟರ್‌ನ ಸೆಟ್ಟಿಂಗ್ ಪುಟ ತೆರೆದು ಡಿಎಚ್‌ಸಿಪಿ ಪಟ್ಟಿ ನೋಡಿದೆ. ಕೊಡೋಕೆ ಇಟ್ಟಿದ್ದ ಐಪಿಗಳು 192.168.1.100 ರಿಂದ 149 ರವರೆಗೆ, ಅಂದರೆ ಐವತ್ತು. ಪಟ್ಟಿಯಲ್ಲೂ ಐವತ್ತು ಹೆಸರು. ಒಂದು ಐಪಿಯನ್ನು ಹಿಡಿದಿಡುವ ಅವಧಿ, ಅಂದರೆ ಲೀಸ್ ಟೈಮ್, 10080 ನಿಮಿಷ. ಏಳು ದಿನ! ಭಾನುವಾರ ಗೆಳೆಯನನ್ನು ನೋಡೋಕೆ ಬಂದು ಒಂದು ಗಂಟೆ ಕೂತು ಹೋದವನ ಫೋನಿನ ಹೆಸರಲ್ಲೂ ಒಂದು ಐಪಿ ಮುಂದಿನ ಭಾನುವಾರದ ತನಕ ಹಾಗೇ ಇರುತ್ತಿತ್ತು.

ಹಳೆಯ ಫೋನುಗಳ ಬಳಿ ಆಗಲೇ ಐಪಿ ಇತ್ತು. ಅವಧಿ ಅರ್ಧ ಮುಗಿಯುತ್ತಿದ್ದಂತೆ ಅವು ಅದನ್ನೇ ಮುಂದುವರಿಸಿಕೊಳ್ಳುತ್ತವೆ. ಹೊಸಬರಿಗೆ ಮಾತ್ರ ಇಲ್ಲ. ಆ ರೂಟರ್ ಆಫ್ ಮಾಡಿದರೆ ಪಟ್ಟಿ ಅಳಿಸಿ ಹೋಗುತ್ತಿತ್ತು, ಅದಕ್ಕೇ ಕೆಲವು ದಿನ ಎಲ್ಲಾ ಸರಿಯಿದ್ದಂತೆ ಕಾಣುತ್ತಿತ್ತು.

ಲೀಸ್ ಟೈಮನ್ನು 120 ನಿಮಿಷ ಮಾಡಿದೆ. ಐಪಿಗಳನ್ನು 20 ರಿಂದ 230 ರವರೆಗೆ ಹಿಗ್ಗಿಸಿದೆ. ರೂಟರ್ ಒಮ್ಮೆ ರೀಸ್ಟಾರ್ಟ್ ಮಾಡಿ, ಹುಡುಗನ ಲ್ಯಾಪ್‌ಟಾಪ್‌ನಲ್ಲಿ `ipconfig /renew` ಕೊಟ್ಟ ಕೂಡಲೇ 192.168.1.27 ಬಂತು.

ನಿಮ್ಮಲ್ಲೂ ಹೀಗೇನಾ ಅಂತ ತಿಳಿಯೋಕೆ, ಈ ವೈಫೈಗೆ ಇದುವರೆಗೆ ಸೇರದ ಒಂದು ಫೋನನ್ನು ಗೆಳೆಯರಿಂದ ತಂದು ಸೇರಿಸಿ ನೋಡಿ. ಅದಕ್ಕೂ ಐಪಿ ಸಿಗದಿದ್ದರೆ ರೂಟರ್ ಪುಟದಲ್ಲಿ ಪಟ್ಟಿ ತುಂಬಿದೆಯಾ ನೋಡಿ. ಪಟ್ಟಿಯಲ್ಲಿ ಜಾಗವಿದ್ದೂ ಕೊಡುತ್ತಿಲ್ಲ ಅಂದ್ರೆ ಅದರ ಡಿಎಚ್‌ಸಿಪಿಯೇ ಆಫ್ ಆಗಿರಬಹುದು, ಇಲ್ಲವೇ ರೂಟರ್ ಹ್ಯಾಂಗ್ ಆಗಿರಬಹುದು. ಆ ಹೊಸ ಫೋನಿಗೆ ಸಲೀಸಾಗಿ ಐಪಿ ಬಂದರೆ ತಪ್ಪು ನಿಮ್ಮ ಲ್ಯಾಪ್‌ಟಾಪ್‌ನದು. ಆಗ `services.msc` ತೆರೆದು `DHCP Client` ಎದುರಿಗೆ `Running` ಅಂತ ಇದೆಯಾ ನೋಡಿ. ಇದ್ದರೆ, ಆಂಟಿವೈರಸ್‌ನ ಫೈರ್‌ವಾಲ್ ಐದು ನಿಮಿಷ ನಿಲ್ಲಿಸಿ ಮತ್ತೆ `ipconfig /renew` ಹಾಕಿ. ಆಗ ಐಪಿ ಬಂದರೆ ಅದೇ ತಡೆಯುತ್ತಿತ್ತು ಅಂತ ಗೊತ್ತಾಗುತ್ತೆ.